ಮಾರ್ಗದರ್ಶಕರಿಗೆ ತಿಂಗಳಿಗೊಂದು ಕರೆ: ಮೊದಲು ಒಂದು ಹಾಳೆ, ನಂತರ ಒಂದು ಚೀಟಿ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದ್ದು 1923ರಲ್ಲಿ. ಅಂದಿನಿಂದ ಅಲ್ಲಿ ಲೋಹ ಕರಗಿಸಿ, ಎರಕ ಹೊಯ್ದು, ಪರೀಕ್ಷೆ ಮಾಡಿ ನಿವೃತ್ತರಾದವರು ತಲೆಮಾರುಗಟ್ಟಲೆ ಇದ್ದಾರೆ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳೂ ಮಷೀನ್ ಶಾಪ್‌ಗಳೂ ಬೆಳೆದ ಮೇಲೆ, ಈ ಹಿರಿಯರ ಅನುಭವ ಕೇಳಿ ಪಡೆಯುವ ರೂಢಿಯೂ ಬೆಳೆದಿದೆ. 2023ರ ಜನವರಿಯಲ್ಲಿ ಭದ್ರಾವತಿಯ ಆ ಕಾರ್ಖಾನೆ, ಅಂದರೆ ವಿಐಎಸ್‌ಎಲ್, ಮುಚ್ಚುವ ಸುದ್ದಿ ಬಂದ ನಂತರವಂತೂ, ಈ ತಿಳಿವಳಿಕೆ ಕೈತಪ್ಪಿ ಹೋಗುವ ಮೊದಲು ಯಾರಾದರೂ ಹಿಡಿದಿಟ್ಟುಕೊಳ್ಳಬೇಕು ಎಂಬ ಆತುರ ನನ್ನಂಥವರಲ್ಲಿ ಹೆಚ್ಚಿದೆ. ಹಿರಿಯರಲ್ಲಿ ಅನೇಕರು ಈಗ ಮಕ್ಕಳ ಜೊತೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದಾರೆ. ಹಾಗಾಗಿ ಸಂಬಂಧ ಉಳಿಯುವುದು ತಿಂಗಳಿಗೊಂದು ಫೋನ್ ಕರೆಯಲ್ಲಿ.

ಈ ಕರೆಗಳು ವ್ಯರ್ಥವಾಗುವುದನ್ನು ಬಹಳ ನೋಡಿದ್ದೇನೆ. ಯೋಗಕ್ಷೇಮ, ಮಳೆ, ಊರಿನ ರಾಜಕೀಯ ಆಗುವಷ್ಟರಲ್ಲಿ ಅರ್ಧ ಹೊತ್ತು ಮುಗಿದಿರುತ್ತದೆ. ಉಳಿದರ್ಧದಲ್ಲಿ ಕಿರಿಯರು ತಿಂಗಳ ಕಷ್ಟವನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಾರೆ. ಹಿರಿಯರು ಹೊಳೆದದ್ದನ್ನು ಹೇಳುತ್ತಾರೆ. ಮುಂದಿನ ತಿಂಗಳು ಅದೇ ಮಾತು ಮತ್ತೆ. ನಾಲ್ಕೈದು ತಿಂಗಳಲ್ಲಿ ಕರೆ ತಾನಾಗಿ ನಿಂತುಹೋಗುತ್ತದೆ. ಇಬ್ಬರಿಗೂ ಬೇಸರವಿರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಇದನ್ನು ಸರಿಪಡಿಸಲು ಬೇಕಿರುವುದು ಕರೆಗೆ ಮೊದಲು ಒಂದು ಹಾಳೆ, ಕರೆ ಆದ ರಾತ್ರಿ ಒಂದು ಚೀಟಿ. ಎರಡನ್ನೂ ಹೇಗೆ ಬರೆಯಬೇಕು ಎಂಬುದನ್ನು ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಮಾಚೇನಹಳ್ಳಿ ಕಡೆಯ ಸಣ್ಣ ಫೌಂಡ್ರಿಗಳಲ್ಲಿ ಕಂಡದ್ದನ್ನು ಸೇರಿಸಿ ಮಾಡಿಕೊಂಡ ಉದಾಹರಣೆ ಇದು. ಇಲ್ಲಿನ ಅಂಕಿಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು.

ಕೆಟ್ಟ ಕರೆ ಹೀಗಿರುತ್ತದೆ

ಒಬ್ಬ ಯುವಕನ ಫೌಂಡ್ರಿ. ಎಂಟು ಕಿಲೋ ತೂಕದ ಒಂದು ಬ್ರಾಕೆಟ್, ಗ್ರೇ ಐರನ್ ಎರಕ. ಮಳೆಗಾಲ ಶುರುವಾದ ಮೇಲೆ ರಿಜೆಕ್ಷನ್ ಏರಿತು. ಜುಲೈ ಕರೆಯಲ್ಲಿ ಅವನು ಹೇಳಿದ್ದು ಇಷ್ಟೇ: “ಸಾರ್, ಬ್ಲೋ ಹೋಲ್ ತುಂಬಾ ಬರ್ತಿದೆ, ಏನು ಮಾಡೋದು?”

ಮಳೆಗಾಲ, ಬ್ಲೋ ಹೋಲ್ ಎಂಬ ಎರಡು ಮಾತು ಕೇಳಿದರೆ ಯಾವ ಹಳಬರಿಗೂ ಮೊದಲು ನೆನಪಾಗುವುದು ಮರಳಿನ ತೇವ. ಹಸಿ ಮರಳಿನ ಅಚ್ಚಿನಲ್ಲಿ ನೀರು ಹೆಚ್ಚಾದರೆ, ಕಾದ ಲೋಹ ತಾಗಿದ ಕೂಡಲೇ ಅದು ಆವಿಯಾಗುತ್ತದೆ. ಮರಳಿನ ಸಂದಿಯಲ್ಲಿ ಹೊರಹೋಗಲು ದಾರಿ ಸಾಲದಿದ್ದರೆ ಆವಿ ಲೋಹದೊಳಗೇ ನುಗ್ಗಿ ತೂತು ಬಿಡುತ್ತದೆ. ಹಾಗಾಗಿ ಹಿರಿಯರು “ಮರಳಿಗೆ ನೀರು ಇಳಿಸಿ ನೋಡಪ್ಪಾ” ಎಂದರು. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವೇ.

ಆಗಸ್ಟ್ ಕರೆಯಲ್ಲಿ ಯುವಕ ಹೇಳಿದ: “ನೀವು ಹೇಳಿದ ಹಾಗೇ ಮಾಡಿದೆ ಸಾರ್, ಆಗಲಿಲ್ಲ.”

‘ಮಾಡಿದೆ, ಆಗಲಿಲ್ಲ’ ಎಂಬ ಮಾತು ಬಿಡಿ

ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬೇಡಿ. ಇಷ್ಟು ಚಿಕ್ಕ ಮಾತು ಎಷ್ಟು ಸಂಬಂಧಗಳನ್ನು ಕೆಡಿಸಿದೆ ಎಂದು ನೋಡಿದವನಾಗಿ ಹೇಳುತ್ತಿದ್ದೇನೆ.

‘ಮಾಡಿದೆ’ ಎಂದ ಆ ಯುವಕ ನಿಜವಾಗಿ ಮಾಡಿದ್ದೇನು? ಮರಳು ಕಲಸುವವನಿಗೆ “ಇವತ್ತಿಂದ ನೀರು ಸ್ವಲ್ಪ ಕಮ್ಮಿ ಹಾಕು” ಎಂದ. ಎಷ್ಟು ಕಮ್ಮಿ ಎಂದು ಹೇಳಲಿಲ್ಲ, ಮೊದಲು ಎಷ್ಟಿತ್ತು ಎಂಬುದೂ ಗೊತ್ತಿರಲಿಲ್ಲ. ಅದೇ ವಾರ ಬೆಂಟೋನೈಟ್‌ನ ಹೊಸ ಲಾಟ್ ಬಂದಿತ್ತು. ತನಗೇ ಹೊಳೆದಂತೆ ಲೋಹವನ್ನು ಇನ್ನಷ್ಟು ಬಿಸಿ ಮಾಡಿ ಹೊಯ್ಯಲು ಶುರು ಮಾಡಿದ್ದ. ಒಟ್ಟಿಗೆ ಮೂರು ಬದಲಾವಣೆ ಆಯಿತು, ಯಾವುದಕ್ಕೂ ಅಳತೆ ಇಲ್ಲ. ನೀರು ಅತಿಯಾಗಿ ಇಳಿದ ದಿನ ಮರಳಿನ ಹಿಡಿತ ಸಡಿಲವಾಗಿ ಅಚ್ಚಿನ ಅಂಚು ಉದುರಿತು. ಎರಕದ ಮೈಯಲ್ಲಿ ಮರಳು ಸೇರಿಕೊಂಡಿತು.

‘ಆಗಲಿಲ್ಲ’ ಎಂದರೇನು? ತೂತು ಕಡಿಮೆಯಾಗಲಿಲ್ಲವೆಂದೇ, ಅಥವಾ ತೂತು ಇಳಿದು ಮರಳಿನ ದೋಷ ಏರಿ ಒಟ್ಟು ರಿಜೆಕ್ಷನ್ ಅಷ್ಟೇ ಉಳಿಯಿತೆಂದೇ? ಎರಡಕ್ಕೂ ಮುಂದಿನ ಸಲಹೆ ಬೇರೆ ಬೇರೆ. ಫೋನಿನ ಆ ಕಡೆ ಕೂತವರಿಗೆ ಇದು ಯಾವುದೂ ಕಾಣುವುದಿಲ್ಲ. ತಮ್ಮ ಸಲಹೆ ಸೋತಿತು ಎಂಬುದಷ್ಟೇ ಅವರಿಗೆ ಕೇಳಿಸುತ್ತದೆ. ಮೂವತ್ತು ವರ್ಷ ಲೋಹ ನೋಡಿದವರು ಎರಡು ಸಲ ಹೀಗೆ ಕೇಳಿಸಿಕೊಂಡರೆ, ಮೂರನೇ ಸಲ “ನೋಡಪ್ಪಾ, ಅಲ್ಲಿ ಯಾರಿಗಾದರೂ ತೋರಿಸು” ಎಂದುಬಿಡುತ್ತಾರೆ. ತಪ್ಪು ಅವರದ್ದಲ್ಲ.

ಆ ಮಾತಿನ ಬದಲು ಮೂರು ಸಂಗತಿ ಹೇಳಿ. ಏನನ್ನು, ಎಷ್ಟು ಬದಲಿಸಿದಿರಿ? ಅದೇ ಹೊತ್ತಿಗೆ ಬೇರೇನು ಬದಲಾಯಿತು? ನಂತರ ಕಣ್ಣಿಗೆ ಕಂಡದ್ದೇನು? ಅಳತೆ ಇಲ್ಲದಿದ್ದರೆ ‘ಅಳೆಯಲಿಲ್ಲ’ ಎಂದೇ ಹೇಳಿ. ಅದನ್ನು ಕೇಳಿ ಹಿರಿಯರು ಗದರಬಹುದು, ಆದರೆ ಕರೆ ಸರಿದಾರಿಗೆ ಬರುತ್ತದೆ. ಮರಳಿನ ತೇವ ಅಳೆಯಲು ದೊಡ್ಡ ಉಪಕರಣವೂ ಬೇಡ. 50 ಗ್ರಾಂ ಮರಳು ತೂಗಿ, 105ರಿಂದ 110 ಡಿಗ್ರಿ ಬಿಸಿಯಲ್ಲಿ ಪೂರ್ತಿ ಒಣಗಿಸಿ ಮತ್ತೆ ತೂಗಿ. 48.2 ಗ್ರಾಂ ಉಳಿದರೆ 1.8 ಗ್ರಾಂ ನೀರಿತ್ತು, ಅಂದರೆ ಶೇ. 3.6. ಇಂಥ ಒಂದು ಅಂಕಿ ಇದ್ದರೆ ಹತ್ತು ನಿಮಿಷದ ಮಾತು ಉಳಿಯುತ್ತದೆ.

ಇದಕ್ಕೆ ಸೇರಿದ ಇನ್ನೊಂದು ಮಾತು. ದೋಷಕ್ಕೆ ಹೆಸರಿಟ್ಟು ಹೇಳಬೇಡಿ, ಕಂಡದ್ದನ್ನು ಹೇಳಿ. ‘ಬ್ಲೋ ಹೋಲ್’ ಎಂದ ಕ್ಷಣವೇ ನೀವು ತೀರ್ಪು ಕೊಟ್ಟಾಗಿರುತ್ತದೆ, ಹಿರಿಯರು ಆ ತೀರ್ಪಿನ ಮೇಲೆ ಔಷಧಿ ಹೇಳುತ್ತಾರೆ. ವೈದ್ಯರ ಬಳಿ ಹೋಗಿ ಹೊಟ್ಟೆಯಲ್ಲಿ ಎಲ್ಲಿ ನೋವು ಎಂದು ತೋರಿಸದೆ ‘ಗ್ಯಾಸ್ಟ್ರಿಕ್ ಸಾರ್’ ಎಂದ ಹಾಗೆ ಇದು. ತೂತು ಎಷ್ಟು ದೊಡ್ಡದು, ಮೇಲ್ಮೈಯಲ್ಲಿದೆಯೋ ಶಾಟ್ ಬ್ಲಾಸ್ಟ್ ಮಾಡಿದ ಮೇಲೆ ಕಂಡಿತೋ, ಮಷೀನಿಂಗ್‌ನಲ್ಲಿ ಸಿಕ್ಕಿತೋ, ಅಚ್ಚಿನ ಮೇಲಿನ ಅರ್ಧದ ಕಡೆಗಿದೆಯೋ ಕೆಳಗೋ, ಒಳಗೋಡೆ ಹೊಳೆಯುತ್ತಿದೆಯೋ ಮಂಕಾಗಿದೆಯೋ ನೋಡಿ. ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ. ನಾಣ್ಯ ಇಲ್ಲದ ಫೋಟೋದಲ್ಲಿ ಸಾಸಿವೆಯಷ್ಟು ತೂತೂ ಬಾವಿಯಂತೆ ಕಾಣಿಸುತ್ತದೆ.

ಹಾಳೆ ಬರೆಯುವ ಕ್ರಮ

ಕರೆ ಶನಿವಾರವಿದ್ದರೆ ಹಾಳೆ ಗುರುವಾರ ಸಂಜೆ ಅವರ ಕೈಸೇರಬೇಕು. ಅದಕ್ಕೂ ಮೊದಲು ಒಂದು ಗಂಟೆ ನಿಮ್ಮ ದಿನಚರಿ ಪುಸ್ತಕದ ಮುಂದೆ ಕೂರಿ. ಆ ತಿಂಗಳು ರಿಜೆಕ್ಟ್ ಆದದ್ದನ್ನೆಲ್ಲ ಮೊದಲು ದೋಷದ ಬಗೆಯಂತೆ, ಆಮೇಲೆ ವಾರದ ದಿನದಂತೆ ವಿಂಗಡಿಸಿ. ಎರಡನೆಯದನ್ನು ಬಹುಪಾಲು ಜನ ಮಾಡುವುದಿಲ್ಲ.

ನಮ್ಮ ಯುವಕ ಸೆಪ್ಟೆಂಬರ್ ಕರೆಗೆ ಮೊದಲು ಅದನ್ನು ಮಾಡಿದ. ಆಗಸ್ಟ್‌ನಲ್ಲಿ ಆ ಬ್ರಾಕೆಟ್ 240 ಎರಕವಾಗಿತ್ತು, 31 ರಿಜೆಕ್ಟ್ ಆಗಿದ್ದವು, ಅಂದರೆ ಶೇ. 13ರ ಹತ್ತಿರ. ಅದರಲ್ಲಿ ತೂತಿನದ್ದು 22, ಮರಳಿನದ್ದು 6, ಇತರೆ 3. ದಿನವಾರು ಬರೆದುಕೊಂಡಾಗ ತೂತಿನ 22ರಲ್ಲಿ 17 ಸೋಮವಾರದವು ಎಂದು ಕಂಡಿತು. ಸೋಮವಾರಗಳ ಎರಕ ಒಟ್ಟು 40ರಷ್ಟೇ. ತಿಂಗಳಿಡೀ ಎದುರಿಗೇ ಇದ್ದ ಸಂಗತಿ ಇದು, ಹಾಳೆ ಬರೆಯಲು ಕೂತಾಗ ಮೊದಲ ಸಲ ಕಂಡಿತು.

ಅವನು ಕಳಿಸಿದ ಹಾಳೆ ಹೀಗಿತ್ತು:

“ಸಾರ್, ನಮಸ್ಕಾರ. ಶನಿವಾರ 11 ಗಂಟೆಯ ಕರೆಗೆ.
ಜುಲೈ ಕರೆಯದ್ದು: ಮರಳಿನ ನೀರು ಇಳಿಸಿ ಎಂದಿದ್ದಿರಿ. ಇಳಿಸಿದೆ, ಎಷ್ಟು ಎಂದು ಅಳೆದಿರಲಿಲ್ಲ. ಅದೇ ವಾರ ಬೆಂಟೋನೈಟ್ ಹೊಸ ಲಾಟ್ ಬಂತು, ಹೊಯ್ಯುವ ಬಿಸಿಯನ್ನೂ ಏರಿಸಿದ್ದೆ.
ಲೆಕ್ಕ: 240ರಲ್ಲಿ 31 ರಿಜೆಕ್ಟ್. ತೂತು 22, ಮರಳು 6, ಇತರೆ 3. ತೂತಿನಲ್ಲಿ 17 ಸೋಮವಾರದ್ದು.
ಕಂಡದ್ದು: ಗುಂಡುಸೂಜಿ ತಲೆಯಷ್ಟು ತೂತುಗಳು, ಹೊರಗೆ ಕಾಣಲ್ಲ, ಶಾಟ್ ಬ್ಲಾಸ್ಟ್ ಆದ ಮೇಲೆ ಕಾಣುತ್ತೆ. ಒಳಗೆ ಹೊಳಪಿದೆ. ಫೋಟೋ ಎರಡು ಕಳಿಸಿದ್ದೇನೆ.
ನಿಮ್ಮಿಂದ ಬೇಕಾದ್ದು: ಮರಳು ಪರೀಕ್ಷೆಯ ಉಪಕರಣಕ್ಕೆ ಈ ತಿಂಗಳೇ ಹಣ ಹಾಕಲೇ, ಅಥವಾ ಸೋಮವಾರದ ತೊಂದರೆ ಮೊದಲು ಹುಡುಕಲೇ?”

ಇಷ್ಟೇ. ಕೊನೆಯ ಸಾಲನ್ನು ಗಮನಿಸಿ. ‘ರಿಜೆಕ್ಷನ್ ಕಡಿಮೆ ಮಾಡುವುದು ಹೇಗೆ’ ಎಂದು ಕೇಳಿದರೆ ಒಂದು ಪುಸ್ತಕವೇ ಉತ್ತರ. ‘ಇದೋ, ಅದೋ’ ಎಂದು ಕೇಳಿದರೆ ಒಂದು ತೀರ್ಮಾನ ಸಿಗುತ್ತದೆ. ಈ ತಿಂಗಳು ನೀವು ತೆಗೆದುಕೊಳ್ಳಲೇಬೇಕಾದ ಯಾವುದೋ ಒಂದು ತೀರ್ಮಾನದ ಸುತ್ತ ಪ್ರಶ್ನೆ ಇರಲಿ.

ಹಾಳೆಯನ್ನು ವಾಟ್ಸಾಪ್‌ನಲ್ಲಿ ಟೈಪ್ ಮಾಡಿಯೇ ಕಳಿಸಿ. ಪಿಡಿಎಫ್, ಎಕ್ಸೆಲ್ ಬೇಡ. ಎಪ್ಪತ್ತರ ಹತ್ತಿರದವರು ಚಿಕ್ಕ ಪರದೆಯಲ್ಲಿ ಅದನ್ನು ಎಳೆದೆಳೆದು ಓದಬೇಕಾಗುತ್ತದೆ. ಧ್ವನಿ ಸಂದೇಶವೂ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾತಾಡುತ್ತಾ ಇರುವಾಗ ಬರಹದ ಮೇಲೆ ಮತ್ತೆ ಕಣ್ಣಾಡಿಸಬಹುದು, ಧ್ವನಿಯ ಮೇಲೆ ಆಗುವುದಿಲ್ಲ.

ಕರೆಯ ಹೊತ್ತು

ಎರಕ ಹೊಯ್ಯುವ ಹೊತ್ತಿಗೆ ಕರೆ ಇಟ್ಟುಕೊಳ್ಳಬೇಡಿ. ಶೆಡ್ಡಿನಿಂದ ಹೊರಬಂದು ಕೂತು ಮಾತಾಡಿ, ಕೈಯಲ್ಲಿ ಪೆನ್ನಿರಲಿ. ಯೋಗಕ್ಷೇಮ ವಿಚಾರಿಸುವುದನ್ನು ಬಿಡಬೇಡಿ, ಆದರೆ ಅದು ಮುಗಿದ ಕೂಡಲೇ “ಹಾಳೆ ನೋಡಿದ್ರಾ ಸಾರ್?” ಎಂದು ನೀವೇ ಶುರು ಮಾಡಿ.

ನಮ್ಮ ಉದಾಹರಣೆಯಲ್ಲಿ ಹಿರಿಯರು ಮರಳಿನ ಮಾತೇ ಎತ್ತಲಿಲ್ಲ. ಕೇಳಿದ ಮೊದಲ ಪ್ರಶ್ನೆ: “ಶನಿವಾರ ಲ್ಯಾಡಲ್ ರಿಪೇರಿ ಮಾಡ್ತೀರೇನಪ್ಪಾ?” ಹೌದು, ಮಾಡುತ್ತಿದ್ದರು. ವಾರವಿಡೀ ಸವೆದ ಲ್ಯಾಡಲ್‌ನ ಒಳಮೈಗೆ ಶನಿವಾರ ಸಂಜೆ ಹಸಿ ಮಣ್ಣು ಮೆತ್ತುವುದು, ಭಾನುವಾರ ಮಳೆಯಲ್ಲಿ ಅದು ಹಾಗೇ ಕೂತಿರುವುದು, ಸೋಮವಾರ ಬೆಳಿಗ್ಗೆ ಗ್ಯಾಸ್ ಬರ್ನರ್ ಹಿಡಿದು ಇಪ್ಪತ್ತು ನಿಮಿಷ ಕಾಯಿಸುವುದು. ಮೇಲ್ಪದರ ಒಣಗಿದಂತೆ ಕಾಣುತ್ತದೆ, ಒಳಗೆ ನೀರು ಉಳಿದಿರುತ್ತದೆ. ಕಾದ ಲೋಹ ಬಿದ್ದಾಗ ಆ ನೀರು ಒಡೆದು ಜಲಜನಕ ಲೋಹದಲ್ಲಿ ಸೇರಿಕೊಳ್ಳುತ್ತದೆ. ಲೋಹ ಗಟ್ಟಿಯಾಗುವಾಗ ಅದು ಹೊರಬಿದ್ದು ಚರ್ಮದ ಕೆಳಗೆ ಗುಂಡುಸೂಜಿ ತಲೆಯಂಥ ಹೊಳೆಯುವ ತೂತು ಬಿಡುತ್ತದೆ. ಸಣ್ಣ ಗಾತ್ರ, ಹೊಳಪು, ಸೋಮವಾರ ಈ ಮೂರು ಹಾಳೆಯಲ್ಲಿ ಇದ್ದದ್ದರಿಂದ ಆ ಪ್ರಶ್ನೆ ಹುಟ್ಟಿತು. ಜುಲೈಯಲ್ಲೂ ಇದ್ದವರು ಅದೇ ಹಿರಿಯರು, ಅವರಿಗೆ ಇದು ಆಗಲೂ ಗೊತ್ತಿತ್ತು.

ಇಲ್ಲೇ ಒಂದು ಎಚ್ಚರಿಕೆ. ಒದ್ದೆ ಲ್ಯಾಡಲ್ ಬರೀ ರಿಜೆಕ್ಷನ್‌ನ ವಿಷಯವಲ್ಲ. ಸಿಕ್ಕಿಬಿದ್ದ ನೀರು ಒಮ್ಮೆಲೇ ಆವಿಯಾದರೆ ಕಾದ ಲೋಹ ಸಿಡಿದು ಮೈಮೇಲೆ ಬೀಳುತ್ತದೆ. ಲ್ಯಾಡಲ್‌ನ ಹೊರಗಿನ ಕಬ್ಬಿಣದ ಹೊದಿಕೆಯ ಸಣ್ಣ ರಂಧ್ರಗಳಲ್ಲಿ ಹಬೆ ಕಾಣುತ್ತಿರುವಾಗ ಲೋಹ ತುಂಬಿಸಲೇಬೇಡಿ.

ರಾತ್ರಿಯ ಚೀಟಿ

ಕರೆ ಆದ ದಿನ ಮಲಗುವ ಮೊದಲು ಒಂದು ಚೀಟಿ ಹೋಗಬೇಕು. ನಾಳೆ ಎಂದರೆ ಮರೆತಿರುತ್ತೀರಿ. ಬರೀ ‘ಥ್ಯಾಂಕ್ಯೂ ಸಾರ್’ ಎಂದು ಕಳಿಸಿದರೆ ಅದು ಚೀಟಿಯಾಗುವುದಿಲ್ಲ. ನೀವು ಏನು ಅರ್ಥ ಮಾಡಿಕೊಂಡಿರಿ, ಏನು ಮಾಡುತ್ತೀರಿ, ಏನನ್ನು ಮಾಡದೆ ಹಾಗೇ ಬಿಡುತ್ತೀರಿ, ಯಾವಾಗ ತಿಳಿಸುತ್ತೀರಿ ಎಂಬುದು ಅದರಲ್ಲಿರಬೇಕು.

ಯುವಕ ಬರೆದದ್ದು: “ಸಾರ್, ನಾನು ಅರ್ಥ ಮಾಡಿಕೊಂಡದ್ದು: ಸೋಮವಾರ ಲ್ಯಾಡಲ್ ಒಂದು ಗಂಟೆ ಕಾಯಿಸಬೇಕು. ಮೊದಲ ಲ್ಯಾಡಲ್ ಲೋಹ ಅಚ್ಚಿಗೆ ಹೊಯ್ಯದೆ ಫರ್ನೇಸ್‌ಗೆ ವಾಪಸ್ ಹಾಕಬೇಕು. ಮರಳು, ಬೆಂಟೋನೈಟ್, ಹೊಯ್ಯುವ ಬಿಸಿ ಈ ತಿಂಗಳು ಏನೂ ಬದಲಿಸುವುದಿಲ್ಲ. ಉಪಕರಣ ಸದ್ಯಕ್ಕೆ ಬೇಡ. ಎರಡು ಸೋಮವಾರ ಆದ ಮೇಲೆ ತಿಳಿಸುತ್ತೇನೆ. ತಪ್ಪಿದ್ದರೆ ತಿದ್ದಿ.”

ಮರುದಿನ ಬೆಳಿಗ್ಗೆ ಉತ್ತರ ಬಂತು: “ಒಂದು ಗಂಟೆ ಅಂತ ಲೆಕ್ಕ ಇಲ್ಲಪ್ಪಾ. ಒಳಮೈ ಕೆಂಪಗಾಗಬೇಕು, ಹಬೆ ಪೂರ್ತಿ ನಿಲ್ಲಬೇಕು. ರಿಪೇರಿಯನ್ನೂ ಶುಕ್ರವಾರಕ್ಕೆ ಹಾಕು, ಶನಿವಾರವೇ ನಿಧಾನವಾಗಿ ಒಂದು ಸಲ ಕಾಯಿಸು.”

ಚೀಟಿ ಬರೆಯದಿದ್ದರೆ ಈ ತಿದ್ದುಪಡಿ ಬರುತ್ತಿರಲಿಲ್ಲ. ಯುವಕ ಗಡಿಯಾರ ನೋಡಿ ಒಂದು ಗಂಟೆ ಕಾಯಿಸಿ, ದಪ್ಪ ಮೆತ್ತಿದ ವಾರ ಮತ್ತೆ ತೂತು ಬಂದು, ಅಕ್ಟೋಬರ್‌ನಲ್ಲಿ “ಮಾಡಿದೆ ಸಾರ್, ಆಗಲಿಲ್ಲ” ಎಂದೇ ಹೇಳುತ್ತಿದ್ದ. ಫೋನಿನಲ್ಲಿ ಹೇಳಿದ್ದಕ್ಕೂ ಕೇಳಿಸಿಕೊಂಡದ್ದಕ್ಕೂ ನಡುವೆ ಇಂಥ ಅಂತರ ಪ್ರತಿ ಸಲವೂ ಇರುತ್ತದೆ. ಅದು ಕಾಣಿಸುವುದು ಬರೆದಾಗ ಮಾತ್ರ.

‘ಬದಲಿಸುವುದಿಲ್ಲ’ ಎಂಬ ಸಾಲಿನ ಮೇಲೂ ನಿಗಾ ಇರಲಿ. ತಿಂಗಳ ನಡುವೆ ಯಾರೋ ಬಂದು ಹೊಸ ಪೌಡರ್ ಮಾರಲು ನೋಡುತ್ತಾರೆ, ಪಕ್ಕದ ಶೆಡ್ಡಿನವರು ಇನ್ನೊಂದು ಉಪಾಯ ಹೇಳುತ್ತಾರೆ. ಒಂದು ತಿಂಗಳು ತಡೆಯಿರಿ. ಅನಿವಾರ್ಯವಾಗಿ ಏನಾದರೂ ಬದಲಾದರೆ, ಉದಾಹರಣೆಗೆ ಹಳೆ ಲಾಟ್ ಮುಗಿದರೆ, ತಾರೀಖು ಹಾಕಿ ಬರೆದಿಡಿ.

ನಡುವೆ ಒಂದು ಸಾಲು, ಮುಂದಿನ ಹಾಳೆ

ಎರಡು ವಾರಕ್ಕೆ ಒಂದೇ ಸಾಲು ಸಾಕು: “ಎರಡು ಸೋಮವಾರ ಆಯಿತು ಸಾರ್, ತೂತಿನದ್ದು ಒಟ್ಟು 2.” ಉತ್ತರ ನಿರೀಕ್ಷಿಸಬೇಡಿ, ಹೊಸ ಪ್ರಶ್ನೆ ತುರುಕಬೇಡಿ. ಇದಕ್ಕಾಗಿ ಮಧ್ಯೆ ಮಧ್ಯೆ ಕರೆ ಮಾಡಿದರೆ ತಿಂಗಳ ಕರೆಯ ಬೆಲೆ ಹೋಗುತ್ತದೆ. ಅಪಘಾತದ ಅಪಾಯವಿದ್ದರೆ ಮಾತ್ರ ಕಾಯದೆ ಕರೆ ಮಾಡಿ.

ಅಕ್ಟೋಬರ್ ಹಾಳೆಯಲ್ಲಿ ಲೆಕ್ಕ ಹೀಗಿತ್ತು: ನಾಲ್ಕು ಸೋಮವಾರ ಸೇರಿ ತೂತಿನ ರಿಜೆಕ್ಟ್ 3, ಇಡೀ ತಿಂಗಳಿಗೆ 8. ಯುವಕ ಕುಣಿದಾಡುವಷ್ಟು ಖುಷಿಯಲ್ಲಿದ್ದ. ಹಿರಿಯರು ಅಷ್ಟು ಬೇಗ ಒಪ್ಪಲಿಲ್ಲ. ಸೆಪ್ಟೆಂಬರ್ ಕೊನೆಗೆ ಮಳೆಯೂ ಇಳಿದಿತ್ತು, ಅದರ ಪಾಲೆಷ್ಟು, ಲ್ಯಾಡಲ್‌ನ ಪಾಲೆಷ್ಟು ಎಂದು ಈಗ ಹೇಳಲಾಗದು, ಬರುವ ಜೂನ್‌ನಲ್ಲಿ ಮತ್ತೆ ದಿನವಾರು ಲೆಕ್ಕ ಇಡು ಎಂದರು. ಸೋಮವಾರದ್ದಲ್ಲದ 5 ತೂತು ಆಗಸ್ಟ್‌ನಲ್ಲೂ ಇದ್ದವು, ಈಗಲೂ ಇವೆ. ಅವು ಬೇರೆ ಕಾರಣದವು, ಅಕ್ಟೋಬರ್ ಹಾಳೆಯ ಪ್ರಶ್ನೆ ಅದೇ ಆಯಿತು. ಹಾಳೆ, ಚೀಟಿ, ನಡುವಿನ ಸಾಲು ಮೂರನ್ನೂ ಒಂದೇ ನೋಟ್‌ಬುಕ್‌ನಲ್ಲಿ ತಾರೀಖಿನೊಂದಿಗೆ ಬರೆದಿಡಿ. ವಾಟ್ಸಾಪ್ ನಂಬಬೇಡಿ, ಫೋನ್ ಬದಲಾದರೆ ಹೋಯಿತು.

ಉಳಿದದ್ದು ಚುಟುಕಾಗಿ. ಗ್ರಾಹಕ ಕಂಪನಿಯ ಡ್ರಾಯಿಂಗ್, ಬೆಲೆ ಹಾಳೆಯಲ್ಲಿ ಕಳಿಸಬೇಡಿ, ಫೋಟೋದಲ್ಲಿ ಪಾರ್ಟ್ ನಂಬರ್ ಮುಚ್ಚಿ. ಸಲಹೆ ಒಪ್ಪಿಗೆಯಾಗದಿದ್ದರೆ ಅಂದೇ ಕಾರಣ ಸಮೇತ ಹೇಳಿ, ಹೂಂಗುಟ್ಟಿ ಮಾಡದೆ ಬಿಡಬೇಡಿ. ತಿಂಗಳಲ್ಲಿ ಏನೂ ಮಾಡಲಾಗದಿದ್ದರೆ ಎರಡು ದಿನ ಮೊದಲೇ ತಿಳಿಸಿ ಕರೆ ಮುಂದೂಡಿ, ಆದರೆ ಸತತ ಎರಡು ತಿಂಗಳು ಹಾಗೆ ಮಾಡಬೇಡಿ. ಹಬ್ಬಕ್ಕೆ ಅವರು ಭದ್ರಾವತಿಗೆ ಬಂದಾಗ ಶೆಡ್ಡಿಗೆ ಕರೆದುಕೊಂಡು ಹೋಗಿ, ಅದನ್ನು ಸೋಮವಾರ ಬೆಳಿಗ್ಗೆಗೇ ಇಟ್ಟುಕೊಳ್ಳಿ. ಕತ್ತರಿಸಿದ ಎರಡು ರಿಜೆಕ್ಟ್ ತುಂಡುಗಳನ್ನು ಎತ್ತಿಟ್ಟಿರಿ, ಅವರು ಮೊದಲು ಕೇಳುವುದು ಅದನ್ನೇ.